ಒಂದೇ ಟ್ರಯೋಡ್ ವಾಲ್ವ್‌ನ ಆಂಪ್ಲಿಫೈಯರ್ ಹಂತ: ಕ್ಯಾಥೋಡ್ ಬಯಾಸ್ ಲೆಕ್ಕ ಹಾಕುವುದು, ಕಟ್ಟುವುದು, ಅಳೆದು ನೋಡುವುದು

ಟ್ರಯೋಡ್ ವಾಲ್ವ್‌ನ ಗ್ರಿಡ್‌ನಲ್ಲಿ ಎಷ್ಟು ವೋಲ್ಟ್ ಇದೆ ಎಂದು ಕೇಳಿದರೆ ಆ ಪ್ರಶ್ನೆ ಪೂರ್ತಿಯಾಗುವುದಿಲ್ಲ. ಕ್ಯಾಥೋಡ್‌ಗೆ ಹೋಲಿಸಿದರೆ ಗ್ರಿಡ್ ಎಷ್ಟು ವೋಲ್ಟ್ ಮೇಲಿದೆ ಅಥವಾ ಕೆಳಗಿದೆ ಎಂದು ಕೇಳಬೇಕು, ಏಕೆಂದರೆ ವಾಲ್ವ್‌ಗೆ ತಿಳಿಯುವುದು ಆ ವ್ಯತ್ಯಾಸ ಮಾತ್ರ. ಗ್ರೌಂಡ್ ಎಲ್ಲಿದೆ, ಷಾಸಿ ಎಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಸಿಗ್ನಲ್ ಇಲ್ಲದಿರುವಾಗ ಗ್ರಿಡ್ ಎಷ್ಟು ನೆಗೆಟಿವ್ ಆಗಿರಬೇಕು ಎಂದು ನಿಗದಿ ಮಾಡುವ ಕ್ಯಾಥೋಡ್ ಬಯಾಸ್ ಎಂಬ ಏರ್ಪಾಡು ನಿಂತಿರುವುದು ಈ ಒಂದು ಸಂಗತಿಯ ಮೇಲೆಯೇ. ಗ್ರಿಡ್ಡನ್ನು ನೆಗೆಟಿವ್ ಮಾಡುವ ಬದಲು ಅದನ್ನು ಸೊನ್ನೆ ವೋಲ್ಟ್‌ನಲ್ಲೇ ಬಿಟ್ಟು ಕ್ಯಾಥೋಡನ್ನು ಸ್ವಲ್ಪ ಮೇಲಕ್ಕೆತ್ತಿದರೆ ಫಲಿತಾಂಶ ಒಂದೇ ಆಗುತ್ತದೆ. ಈ ಬರಹದಲ್ಲಿ 12ಎಎಕ್ಸ್7 ವಾಲ್ವ್‌ನ ಒಂದು ಭಾಗವನ್ನು ಬಳಸಿ ಅಂಥ ಹಂತವೊಂದನ್ನು ಕಟ್ಟುತ್ತೇವೆ. ಯುರೋಪಿನಲ್ಲಿ ಇದೇ ವಾಲ್ವ್‌ಗೆ ಇಸಿಸಿ83 ಎಂದು ಹೆಸರು. ಒಂದೇ ಗಾಜಿನೊಳಗೆ ಎರಡು ಸ್ವತಂತ್ರ ಟ್ರಯೋಡ್‌ಗಳಿರುತ್ತವೆ. ನಮಗೆ ಒಂದು ಸಾಕು.

ಗ್ರಿಡ್ ಮಾಡುವ ಕೆಲಸ

ಬಿಸಿಯಾದ ಕ್ಯಾಥೋಡ್‌ನಿಂದ ಎಲೆಕ್ಟ್ರಾನ್‌ಗಳು ಹೊರಬಂದು ಅದರ ಸುತ್ತಲೇ ಮೋಡದಂತೆ ಕವಿದಿರುತ್ತವೆ. ದೂರದಲ್ಲಿರುವ ಪ್ಲೇಟ್ ನೂರಾರು ವೋಲ್ಟ್ ಪಾಸಿಟಿವ್ ಆಗಿದ್ದು ಅವುಗಳನ್ನು ಸೆಳೆಯುತ್ತದೆ. ಆದರೆ ನಡುವೆ, ಕ್ಯಾಥೋಡ್‌ಗೆ ಬಹಳ ಹತ್ತಿರದಲ್ಲಿ, ತೆಳುವಾದ ತಂತಿ ಸುತ್ತಿದ ಗ್ರಿಡ್ ಇದೆ. ಹತ್ತಿರವಿರುವುದರಿಂದ ಅದರ ಒಂದು ವೋಲ್ಟ್‌ನ ಪ್ರಭಾವ ಪ್ಲೇಟಿನ ಅನೇಕ ವೋಲ್ಟ್‌ಗಳಿಗೆ ಸಮ. 12ಎಎಕ್ಸ್7ರಲ್ಲಿ ಈ ಅನುಪಾತ ಸುಮಾರು 100: ಗ್ರಿಡ್ ಒಂದು ವೋಲ್ಟ್ ಕೆಳಗಿಳಿದಾಗ ಕಡಿಮೆಯಾಗುವ ಕರೆಂಟನ್ನು ಮೊದಲಿನ ಮಟ್ಟಕ್ಕೆ ತರಬೇಕಾದರೆ ಪ್ಲೇಟನ್ನು ಸುಮಾರು ನೂರು ವೋಲ್ಟ್ ಏರಿಸಬೇಕಾಗುತ್ತದೆ. ಇದನ್ನೇ ಮ್ಯೂ ಎನ್ನುತ್ತಾರೆ.

ಗ್ರಿಡ್ ನೆಗೆಟಿವ್ ಆಗಿರುವವರೆಗೆ ಎಲೆಕ್ಟ್ರಾನ್‌ಗಳು ತಂತಿಗಳ ನಡುವಿನ ತೆರಪಿನಲ್ಲಿ ಹಾದುಹೋಗುತ್ತವೆಯೇ ಹೊರತು ಗ್ರಿಡ್‌ನ ಮೇಲೆ ಇಳಿಯುವುದಿಲ್ಲ. ಆದ್ದರಿಂದ ಗ್ರಿಡ್ಡಿಗೆ ಸಿಗ್ನಲ್ ಕೊಡುವ ಸಾಧನದಿಂದ ಬಹುತೇಕ ಯಾವ ಕರೆಂಟೂ ಬೇಕಾಗುವುದಿಲ್ಲ. ಗ್ರಿಡ್ ಸೊನ್ನೆಯ ಸಮೀಪಕ್ಕೆ ಬಂದಾಗ ಈ ಸ್ಥಿತಿ ಬದಲಾಗುತ್ತದೆ. ಈ ಬಗೆಯ ವಾಲ್ವ್‌ಗಳಲ್ಲಿ ಗ್ರಿಡ್ ಇನ್ನೂ ಅರ್ಧ ವೋಲ್ಟ್‌ನಷ್ಟು ನೆಗೆಟಿವ್ ಆಗಿರುವಾಗಲೇ ಸಣ್ಣ ಗ್ರಿಡ್ ಕರೆಂಟ್ ಶುರುವಾಗಬಹುದು. ಬಯಾಸ್ ಎಷ್ಟಿರಬೇಕು ಎಂದು ತೀರ್ಮಾನಿಸುವಾಗ ಈ ಮಿತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಕರೆಂಟಿನಿಂದ ವೋಲ್ಟೇಜ್ ಪಡೆಯುವುದು

ಗ್ರಿಡ್ ನಿಯಂತ್ರಿಸುವುದು ಕರೆಂಟನ್ನು. ನಮಗೆ ಮುಂದಿನ ಹಂತಕ್ಕೆ ಬೇಕಾದುದು ವೋಲ್ಟೇಜ್. ಅದಕ್ಕಾಗಿ ಪ್ಲೇಟ್ ಮತ್ತು ಸಪ್ಲೈ ನಡುವೆ ಒಂದು ರೆಸಿಸ್ಟರ್ ಇಡುತ್ತೇವೆ. ನಮ್ಮ ಸಪ್ಲೈ 250 ವೋಲ್ಟ್, ಪ್ಲೇಟ್ ರೆಸಿಸ್ಟರ್ 100 ಕಿಲೋಓಮ್ ಎಂದು ಇಟ್ಟುಕೊಳ್ಳೋಣ. ವಾಲ್ವ್‌ನಲ್ಲಿ ಒಂದು ಮಿಲಿಆಂಪ್ ಹರಿದರೆ ರೆಸಿಸ್ಟರ್ ಮೇಲೆ 100 ವೋಲ್ಟ್ ಬೀಳುತ್ತದೆ, ಪ್ಲೇಟಿನಲ್ಲಿ 150 ವೋಲ್ಟ್ ಉಳಿಯುತ್ತದೆ. ಕರೆಂಟ್ ಹೆಚ್ಚಿದಷ್ಟೂ ಪ್ಲೇಟ್ ವೋಲ್ಟೇಜ್ ಇಳಿಯುತ್ತದೆ. ಆದ್ದರಿಂದ ಗ್ರಿಡ್ ಮೇಲೇರಿದರೆ ಪ್ಲೇಟ್ ಕೆಳಗಿಳಿಯುತ್ತದೆ. ಈ ಹಂತ ಸಿಗ್ನಲನ್ನು ತಲೆಕೆಳಗು ಮಾಡುತ್ತದೆ ಎಂದು ಹೇಳುವುದು ಈ ಕಾರಣಕ್ಕೆ.

ಈ ಸಂಬಂಧವನ್ನು ವಾಲ್ವ್‌ನ ದತ್ತಾಂಶ ಪತ್ರದಲ್ಲಿರುವ ವಕ್ರರೇಖೆಗಳ ಮೇಲೆ ಎಳೆದು ನೋಡುವುದೇ ಮೊದಲ ಹೆಜ್ಜೆ. ಅಡ್ಡ ಅಕ್ಷದಲ್ಲಿ 250 ವೋಲ್ಟ್ ಗುರುತಿಸಿ. ಅಲ್ಲಿ ಕರೆಂಟ್ ಸೊನ್ನೆ. ಲಂಬ ಅಕ್ಷದಲ್ಲಿ 2.5 ಮಿಲಿಆಂಪ್ ಗುರುತಿಸಿ. ಪ್ಲೇಟ್ ಸೊನ್ನೆ ವೋಲ್ಟ್‌ಗೆ ಬಂದರೆ 100 ಕಿಲೋಓಮ್‌ನಲ್ಲಿ ಹರಿಯಬಹುದಾದ ಗರಿಷ್ಠ ಕರೆಂಟ್ ಅದು. ಎರಡನ್ನೂ ನೇರ ಗೆರೆಯಿಂದ ಸೇರಿಸಿದರೆ ಲೋಡ್ ಲೈನ್ ಸಿಗುತ್ತದೆ. ಈ ಗೆರೆ ಒಂದೊಂದು ಗ್ರಿಡ್ ವೋಲ್ಟೇಜಿನ ವಕ್ರರೇಖೆಯನ್ನೂ ಎಲ್ಲಿ ಕತ್ತರಿಸುತ್ತದೆ ಎಂದು ಓದಿಕೊಂಡರೆ ಸುಮಾರಾಗಿ ಹೀಗಿರುತ್ತದೆ: ಗ್ರಿಡ್ ಮೈನಸ್ 0.5 ವೋಲ್ಟ್ ಇದ್ದಾಗ ಪ್ಲೇಟ್ 115 ವೋಲ್ಟ್, ಮೈನಸ್ 1 ಇದ್ದಾಗ 146, ಮೈನಸ್ 1.5 ಇದ್ದಾಗ 176, ಮೈನಸ್ 2 ಇದ್ದಾಗ 204. ಅರ್ಧ ಅರ್ಧ ವೋಲ್ಟ್‌ನ ಹೆಜ್ಜೆಗೆ ಪ್ಲೇಟ್ ಮೂವತ್ತು ವೋಲ್ಟ್‌ನ ಆಸುಪಾಸಿನಲ್ಲಿ ಚಲಿಸುತ್ತದೆ. ಅಂದರೆ ವರ್ಧನೆ ಸುಮಾರು ಅರವತ್ತು ಪಟ್ಟು. ಹೆಜ್ಜೆಗಳು ಒಂದೇ ಸಮ ಇಲ್ಲದಿರುವುದನ್ನೂ ಗಮನಿಸಿ: 31, 30, 28. ಗ್ರಿಡ್ ಹೆಚ್ಚು ನೆಗೆಟಿವ್ ಆದಂತೆ ವಾಲ್ವ್ ಸೋಮಾರಿಯಾಗುತ್ತದೆ. ಟ್ರಯೋಡ್ ಹಂತದ ವಿರೂಪ ಹುಟ್ಟುವುದು ಈ ಸಣ್ಣ ಅಸಮತೆಯಿಂದಲೇ.

ಕ್ಯಾಥೋಡ್ ರೆಸಿಸ್ಟರ್ ತನ್ನ ಬಿಂದುವನ್ನು ತಾನೇ ಹುಡುಕುವ ಬಗೆ

ಸಿಗ್ನಲ್ ಇಲ್ಲದಿರುವಾಗ ವಾಲ್ವ್ ಈ ಗೆರೆಯ ನಡುಭಾಗದಲ್ಲಿ ಎಲ್ಲೋ ನಿಂತಿರಬೇಕು. ಮೈನಸ್ 1.3 ವೋಲ್ಟ್‌ನ ಹತ್ತಿರ ನಿಲ್ಲಿಸಿದರೆ ಮೇಲಕ್ಕೂ ಕೆಳಕ್ಕೂ ಜಾಗವಿರುತ್ತದೆ, ಗ್ರಿಡ್ ಕರೆಂಟಿನ ಅಂಚಿನಿಂದಲೂ ದೂರವಿರುತ್ತದೆ. ಗ್ರಿಡ್ಡನ್ನು 1 ಮೆಗಾಓಮ್ ರೆಸಿಸ್ಟರ್ ಮೂಲಕ ಗ್ರೌಂಡ್‌ಗೆ ಕಟ್ಟಿ, ಕ್ಯಾಥೋಡ್ ಮತ್ತು ಗ್ರೌಂಡ್ ನಡುವೆ ಇನ್ನೊಂದು ರೆಸಿಸ್ಟರ್ ಹಾಕುತ್ತೇವೆ. ವಾಲ್ವ್‌ನ ಕರೆಂಟ್ ಆ ರೆಸಿಸ್ಟರ್‌ನಲ್ಲಿ ಹರಿದು ಕ್ಯಾಥೋಡನ್ನು ಪಾಸಿಟಿವ್ ಮಾಡುತ್ತದೆ. ಗ್ರಿಡ್ ಸೊನ್ನೆಯಲ್ಲೇ ಇರುವುದರಿಂದ ಕ್ಯಾಥೋಡ್‌ಗೆ ಹೋಲಿಸಿದರೆ ಅದು ನೆಗೆಟಿವ್ ಆಗುತ್ತದೆ.

ಎಷ್ಟು ಓಮ್ ಬೇಕು? 1.5 ಕಿಲೋಓಮ್ ಹಾಕಿದರೆ ಏನಾಗುತ್ತದೆ ಎಂದು ನೋಡೋಣ. ಗ್ರಿಡ್ ಮೈನಸ್ 1 ವೋಲ್ಟ್‌ನಲ್ಲಿ ನಿಲ್ಲಬೇಕಾದರೆ ರೆಸಿಸ್ಟರ್‌ನಲ್ಲಿ 0.67 ಮಿಲಿಆಂಪ್ ಹರಿಯಬೇಕು; ಆದರೆ ಆ ಗ್ರಿಡ್ ವೋಲ್ಟೇಜಿನಲ್ಲಿ ವಾಲ್ವ್ ಬಿಡುವುದು 1.04 ಮಿಲಿಆಂಪ್. ಕರೆಂಟ್ ಹೆಚ್ಚಾಯಿತು, ಕ್ಯಾಥೋಡ್ ಇನ್ನೂ ಮೇಲೇರುತ್ತದೆ. ಮೈನಸ್ 1.5 ವೋಲ್ಟ್‌ಗೆ ಬೇಕಾದುದು 1 ಮಿಲಿಆಂಪ್. ವಾಲ್ವ್ ಬಿಡುವುದು 0.74 ಮಾತ್ರ. ಅಲ್ಲಿ ನಿಲ್ಲಲು ಸಾಧ್ಯವಿಲ್ಲ, ಕ್ಯಾಥೋಡ್ ಇಳಿಯುತ್ತದೆ. ಇವೆರಡರ ನಡುವೆ ಒಂದೇ ಒಂದು ಜಾಗದಲ್ಲಿ ವಾಲ್ವ್ ಬಿಡುವುದೂ ರೆಸಿಸ್ಟರ್ ಕೇಳುವುದೂ ಸಮವಾಗುತ್ತವೆ:

```
Ik = 0.86 mA
Vk = 0.86 mA × 1.5 kΩ = 1.29 V
Va = 250 − (0.86 mA × 100 kΩ) = 164 V
```

ವಾಲ್ವ್ ಹಳೆಯದಾದಾಗ ಅಥವಾ ಬದಲಾಯಿಸಿದಾಗ ಈ ವ್ಯವಸ್ಥೆಯ ಬೆಲೆ ತಿಳಿಯುತ್ತದೆ. ಎರಡು 12ಎಎಕ್ಸ್7ಗಳು ಎಂದೂ ಒಂದೇ ಸಮ ಇರುವುದಿಲ್ಲ. ಹೆಚ್ಚು ಕರೆಂಟ್ ಬಿಡುವ ವಾಲ್ವ್ ಹಾಕಿದರೆ ಅದೇ ಕರೆಂಟ್ ಕ್ಯಾಥೋಡನ್ನು ಮೇಲಕ್ಕೆತ್ತಿ ಗ್ರಿಡ್ಡನ್ನು ಇನ್ನಷ್ಟು ನೆಗೆಟಿವ್ ಮಾಡುತ್ತದೆ, ಕರೆಂಟ್ ತಾನಾಗಿ ತಗ್ಗುತ್ತದೆ. ಪೂರ್ತಿ ತಗ್ಗುವುದಿಲ್ಲ. ಈ ಬೆಲೆಗಳಲ್ಲಿ ವಾಲ್ವ್‌ಗಳ ನಡುವಿನ ವ್ಯತ್ಯಾಸ ಹೊರಗಿನಿಂದ ಸ್ಥಿರ ಬಯಾಸ್ ಕೊಟ್ಟಾಗ ಇರುವುದರ ಅರ್ಧದಷ್ಟಕ್ಕೆ ಇಳಿಯುತ್ತದೆ, ಅಷ್ಟೇ. ಆದರೂ ಬಳಕೆಗೆ ಅಷ್ಟು ಸಾಕು.

ಕಟ್ಟುವ ಮೊದಲು

ಈ ಹಂತದ ಕರೆಂಟ್ ಒಂದು ಮಿಲಿಆಂಪ್‌ಗಿಂತ ಕಡಿಮೆ ಇರಬಹುದು, ಆದರೆ ಅದನ್ನು ಒದಗಿಸುವ ಸಪ್ಲೈ ಪ್ರಾಣ ತೆಗೆಯಬಲ್ಲುದು. ಸ್ವಿಚ್ ಆರಿಸಿದ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳು ಚಾರ್ಜ್ ಹಿಡಿದಿರುತ್ತವೆ. ಸಪ್ಲೈಯ ಫಿಲ್ಟರ್ ಕೆಪಾಸಿಟರ್ 47 ಮೈಕ್ರೋಫ್ಯಾರಡ್ ಇದ್ದರೆ ಅದರ ಎರಡು ತುದಿಗಳಿಗೆ 220 ಕಿಲೋಓಮ್, 1 ವ್ಯಾಟ್‌ನ ರೆಸಿಸ್ಟರ್ ಒಂದನ್ನು ಶಾಶ್ವತವಾಗಿ ಬೆಸೆದುಬಿಡಿ. ಸುಮಾರು ಒಂದು ನಿಮಿಷದಲ್ಲಿ ಅದು ಚಾರ್ಜನ್ನು ಅಪಾಯವಿಲ್ಲದ ಮಟ್ಟಕ್ಕೆ ಇಳಿಸುತ್ತದೆ. ಹಾಗಿದ್ದರೂ ಕೈಹಾಕುವ ಮುನ್ನ ಪ್ರತಿಸಲವೂ ಮೀಟರ್‌ನಿಂದ ಅಳೆದು ನೋಡಿ, ಏಕೆಂದರೆ ಆ ರೆಸಿಸ್ಟರ್ ಕಡಿದುಹೋಗಿದ್ದರೆ ಹೊರಗಿನಿಂದ ತಿಳಿಯುವುದಿಲ್ಲ. ವಿದ್ಯುತ್ ಇರುವಾಗ ಅಳೆಯಬೇಕಾದರೆ ಮೀಟರ್‌ನ ಕಪ್ಪು ತಂತಿಯನ್ನು ಕ್ಲಿಪ್‌ನಿಂದ ಷಾಸಿಗೆ ಕಚ್ಚಿಸಿ, ಒಂದು ಕೈಯಲ್ಲಿ ಮಾತ್ರ ಕೆಂಪು ತಂತಿ ಹಿಡಿದು, ಇನ್ನೊಂದು ಕೈಯನ್ನು ಉಪಕರಣದಿಂದ ದೂರವಿಡಿ. ಗೋಡೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ, ಟ್ರಾನ್ಸ್‌ಫಾರ್ಮರ್ ಇಲ್ಲದ ಸಪ್ಲೈಯನ್ನು ಈ ಕೆಲಸಕ್ಕೆ ಬಳಸಲೇಬಾರದು.

ಜೋಡಣೆ

ಒಂಬತ್ತು ಪಿನ್‌ನ ಸಾಕೆಟ್‌ನಲ್ಲಿ, ಕೆಳಗಿನಿಂದ ನೋಡಿದಾಗ, ತೆರಪಿನಿಂದ ಶುರುಮಾಡಿ ಪ್ರದಕ್ಷಿಣೆಯಾಗಿ ಎಣಿಸಿ. ಮೊದಲ ಟ್ರಯೋಡ್‌ಗೆ 1 ಪ್ಲೇಟ್, 2 ಗ್ರಿಡ್, 3 ಕ್ಯಾಥೋಡ್. ಹೀಟರ್ ಪಿನ್‌ಗಳು 4 ಮತ್ತು 5, ಅದರ ನಡು ತುದಿ 9. 6.3 ವೋಲ್ಟ್‌ನಲ್ಲಿ ಓಡಿಸಬೇಕಾದರೆ 4 ಮತ್ತು 5ನ್ನು ಒಟ್ಟಿಗೆ ಕಟ್ಟಿ, ಅದಕ್ಕೂ 9ಕ್ಕೂ ನಡುವೆ ವೋಲ್ಟೇಜ್ ಕೊಡಬೇಕು, ಆಗ 0.3 ಆಂಪಿಯರ್ ಹರಿಯುತ್ತದೆ.

ಮೊದಲು ಹೀಟರ್ ತಂತಿಗಳನ್ನೇ ಹಾಕಿ. ಎರಡನ್ನೂ ಬಿಗಿಯಾಗಿ ಹೊಸೆದು, ಷಾಸಿಯ ಮೂಲೆಗೆ ಒತ್ತಿ, ಗ್ರಿಡ್ ತಂತಿಯಿಂದ ದೂರ ಒಯ್ಯಿರಿ. ಟ್ರಾನ್ಸ್‌ಫಾರ್ಮರ್‌ನಲ್ಲಿರುವ ಹೀಟರ್ ಸುತ್ತಿನ ನಡು ತುದಿಯನ್ನು ಗ್ರೌಂಡ್‌ಗೆ ಕಟ್ಟಿ. ಅದು ಇಲ್ಲದಿದ್ದರೆ ಎರಡು ತುದಿಗಳಿಂದಲೂ ತಲಾ 100 ಓಮ್ ರೆಸಿಸ್ಟರ್‌ಗಳನ್ನು ಗ್ರೌಂಡ್‌ಗೆ ಹಾಕಿದರೆ ಅದೇ ಕೆಲಸವಾಗುತ್ತದೆ. ತೇಲುತ್ತಿರುವ ಹೀಟರ್ ಸುತ್ತು ಗುಂಯ್ ಶಬ್ದದ ಬಹು ಸಾಮಾನ್ಯ ಕಾರಣ. ಕೆಲವರು ಅದನ್ನು ಬಿಟ್ಟು ಫಿಲ್ಟರ್ ಕೆಪಾಸಿಟರ್‌ಗಳನ್ನು ಬದಲಾಯಿಸುತ್ತಾ ದಿನ ಕಳೆಯುತ್ತಾರೆ.

ಆಮೇಲೆ ಪ್ಲೇಟ್ ರೆಸಿಸ್ಟರ್. ಅದರಲ್ಲಿ ವ್ಯಯವಾಗುವ ಶಕ್ತಿ ಒಂದು ವ್ಯಾಟ್‌ನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ 1 ವ್ಯಾಟ್‌ನದನ್ನು ಹಾಕಿ, ಏಕೆಂದರೆ ಪ್ಲೇಟ್ ಗ್ರೌಂಡ್‌ಗೆ ತಾಗಿದರೆ ಅದರ ಮೇಲೆ 0.6 ವ್ಯಾಟ್‌ಗಿಂತ ಹೆಚ್ಚು ಬೀಳುತ್ತದೆ. ಗ್ರಿಡ್‌ನಿಂದ ಗ್ರೌಂಡ್‌ಗೆ 1 ಮೆಗಾಓಮ್, ಕ್ಯಾಥೋಡ್‌ನಿಂದ ಗ್ರೌಂಡ್‌ಗೆ 1.5 ಕಿಲೋಓಮ್ ಹಾಕಿ. ಕ್ಯಾಥೋಡ್ ರೆಸಿಸ್ಟರ್‌ಗೆ ಸಮಾಂತರವಾಗಿ 22 ಮೈಕ್ರೋಫ್ಯಾರಡ್, 25 ವೋಲ್ಟ್‌ನ ಕೆಪಾಸಿಟರ್, ಪಾಸಿಟಿವ್ ತುದಿ ಕ್ಯಾಥೋಡ್ ಕಡೆಗೆ. ಇದನ್ನು ಮಾತ್ರ ಈಗಲೇ ಹಾಕಬೇಡಿ. ಪ್ಲೇಟ್‌ನಿಂದ ಹೊರಕ್ಕೆ 22 ನ್ಯಾನೋಫ್ಯಾರಡ್ ಕೆಪಾಸಿಟರ್, ಅದರ ಆಚೆ ತುದಿಯಿಂದ ಗ್ರೌಂಡ್‌ಗೆ 330 ಕಿಲೋಓಮ್. ಈ ಕೆಪಾಸಿಟರ್ 400 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನದಾಗಿರಲಿ. ಪ್ಲೇಟಿನಲ್ಲಿ 164 ವೋಲ್ಟ್ ಮಾತ್ರ ತಾನೇ ಎಂದು 200 ವೋಲ್ಟ್‌ನದನ್ನು ಹಾಕುವವರಿದ್ದಾರೆ. ಆದರೆ ವಾಲ್ವ್ ಬಿಸಿಯಾಗುವವರೆಗೆ ಕರೆಂಟೇ ಹರಿಯದ ಕಾರಣ, ಪ್ರತಿ ಬಾರಿ ಸ್ವಿಚ್ ಹಾಕಿದಾಗಲೂ ಪ್ಲೇಟ್ ಪೂರ್ತಿ ಸಪ್ಲೈ ವೋಲ್ಟೇಜಿಗೆ ಏರುತ್ತದೆ, ಹೊರೆಯಿಲ್ಲದ ಸಪ್ಲೈ 250ನ್ನೂ ಮೀರಿರುತ್ತದೆ.

ಗ್ರಿಡ್‌ನ ಹಿಡಿತವನ್ನು ಕಣ್ಣಾರೆ ನೋಡುವುದು

ಸಿಗ್ನಲ್ ಕೊಡುವ ಮೊದಲು ಒಂದು ಪ್ರಯೋಗ ಮಾಡುವುದು ಯೋಗ್ಯ. ಕಾಗದದ ಮೇಲೆ ಎಳೆದ ಲೋಡ್ ಲೈನ್ ನಿಜವೆಂದು ಮನಸ್ಸಿಗೆ ನಾಟುವುದು ಆಗಲೇ. ವಿದ್ಯುತ್ ಆರಿಸಿ, ಚಾರ್ಜ್ ಇಳಿದಿರುವುದನ್ನು ಅಳೆದು ಖಚಿತಪಡಿಸಿಕೊಂಡು, ಕ್ಯಾಥೋಡನ್ನು ತಾತ್ಕಾಲಿಕವಾಗಿ ಒಂದು ತಂತಿಯಿಂದ ನೇರವಾಗಿ ಗ್ರೌಂಡ್‌ಗೆ ಕಟ್ಟಿ. 1.5 ವೋಲ್ಟ್‌ನ ಎರಡು ಸೆಲ್‌ಗಳನ್ನು ಸಾಲಾಗಿ ಜೋಡಿಸಿ, 10 ಕಿಲೋಓಮ್‌ನ ಪೊಟೆನ್ಶಿಯೋಮೀಟರ್‌ನ ಎರಡು ತುದಿಗಳಿಗೆ ಕೊಡಿ. ಸೆಲ್‌ಗಳ ಪಾಸಿಟಿವ್ ತುದಿ ಗ್ರೌಂಡ್‌ಗೆ ಹೋಗಬೇಕು. 1 ಮೆಗಾಓಮ್‌ನ ಕೆಳತುದಿಯನ್ನು ಗ್ರೌಂಡ್‌ನಿಂದ ಬಿಡಿಸಿ ಪೊಟೆನ್ಶಿಯೋಮೀಟರ್‌ನ ನಡು ತುದಿಗೆ ಸೇರಿಸಿ. ಈಗ ಅದರ ಹಿಡಿಯನ್ನು ತಿರುಗಿಸಿದಂತೆ ಗ್ರಿಡ್ ಸೊನ್ನೆಯಿಂದ ಮೈನಸ್ 3 ವೋಲ್ಟ್‌ವರೆಗೆ ಚಲಿಸುತ್ತದೆ.

ವಿದ್ಯುತ್ ಹಾಕಿ, ಒಂದು ನಿಮಿಷ ಬಿಸಿಯಾಗಲು ಬಿಟ್ಟು, ಪ್ಲೇಟ್ ವೋಲ್ಟೇಜ್ ನೋಡುತ್ತಾ ಹಿಡಿಯನ್ನು ತಿರುಗಿಸಿ. ಗ್ರಿಡ್ ವೋಲ್ಟೇಜನ್ನು ಗ್ರಿಡ್ ಪಿನ್‌ನಲ್ಲಿ ಅಳೆಯದೆ ಪೊಟೆನ್ಶಿಯೋಮೀಟರ್‌ನ ನಡು ತುದಿಯಲ್ಲಿ ಅಳೆಯಿರಿ. 10 ಮೆಗಾಓಮ್‌ನ ಮೀಟರ್ ಕೂಡ 1 ಮೆಗಾಓಮ್‌ನ ಆಚೆ ಸುಮಾರು ಶೇಕಡಾ 9ರಷ್ಟು ಕಡಿಮೆ ತೋರಿಸುತ್ತದೆ. ಸೊನ್ನೆಯಲ್ಲಿ ಪ್ಲೇಟ್ ಸುಮಾರು 80 ವೋಲ್ಟ್ ಇದ್ದು, ಒಂದು ವೋಲ್ಟ್ ನೆಗೆಟಿವ್‌ಗೆ 146ರ ಹತ್ತಿರ, ಎರಡಕ್ಕೆ 200ರ ಸುತ್ತಮುತ್ತ ಬರಬೇಕು. ನಿಮ್ಮ ವಾಲ್ವ್‌ನಲ್ಲಿ ಹತ್ತು ಹದಿನೈದು ವೋಲ್ಟ್ ಆಚೀಚೆ ಆದರೆ ಗಾಬರಿ ಬೇಡ. ಕರೆಂಟ್ ತಿಳಿಯಲು ಸರ್ಕ್ಯೂಟನ್ನು ಕಡಿಯಬೇಕಾಗಿಲ್ಲ: ಸಪ್ಲೈಯಿಂದ ಪ್ಲೇಟ್ ವೋಲ್ಟೇಜ್ ಕಳೆದು 100ರಿಂದ ಭಾಗಿಸಿದರೆ ಮಿಲಿಆಂಪ್ ಸಿಗುತ್ತದೆ. ಹಿಡಿಯನ್ನು ಕೊನೆಯವರೆಗೆ ತಿರುಗಿಸಿದಾಗ ಪ್ಲೇಟ್ 250ರ ಕಡೆಗೆ ನಿಧಾನವಾಗಿ ತೆವಳುತ್ತದೆ. ಅಲ್ಲಿ ಒಂದು ವೋಲ್ಟ್‌ನ ಗ್ರಿಡ್ ಬದಲಾವಣೆಗೆ ಸಿಗುವ ಉತ್ತರ ಬಹಳ ಚಿಕ್ಕದು. ಕಟ್ ಆಫ್ ಎಂದರೆ ಇದೇ.

ಬಯಾಸ್ ಪರೀಕ್ಷೆ

ಮತ್ತೆ ವಿದ್ಯುತ್ ಆರಿಸಿ, ಸೆಲ್‌ಗಳನ್ನು ತೆಗೆದು, 1 ಮೆಗಾಓಮನ್ನು ಗ್ರೌಂಡ್‌ಗೆ ಸೇರಿಸಿ, ಕ್ಯಾಥೋಡ್‌ಗೆ ಹಾಕಿದ್ದ ತಂತಿಯನ್ನು ಬಿಚ್ಚಿ. ವಿದ್ಯುತ್ ಹಾಕಿ ಕ್ಯಾಥೋಡ್ ಅಳೆಯಿರಿ. 1.3 ವೋಲ್ಟ್ ಹತ್ತಿರ ಬಂದರೆ ಲೆಕ್ಕ ಕೂಡಿಬಂದಿದೆ. ಆ ವೋಲ್ಟೇಜನ್ನು 1.5ರಿಂದ ಭಾಗಿಸಿದರೆ ಮಿಲಿಆಂಪ್ ತಿಳಿಯುತ್ತದೆ. ಪ್ಲೇಟ್ ರೆಸಿಸ್ಟರ್‌ನಿಂದ ಲೆಕ್ಕ ಹಾಕಿದ ಕರೆಂಟಿಗೂ ಇದಕ್ಕೂ ತಾಳೆಯಾಗಬೇಕು, ಏಕೆಂದರೆ ಗ್ರಿಡ್ ಕರೆಂಟ್ ಇಲ್ಲದಿರುವಾಗ ಕ್ಯಾಥೋಡ್‌ನಲ್ಲಿ ಹರಿದದ್ದೆಲ್ಲಾ ಪ್ಲೇಟ್ ಸೇರಿರುತ್ತದೆ. ತಾಳೆಯಾಗದಿದ್ದರೆ ರೆಸಿಸ್ಟರ್‌ಗಳ ಬೆಲೆಯನ್ನು ಮೊದಲು ಅನುಮಾನಿಸಿ, ವಾಲ್ವನ್ನು ಆಮೇಲೆ.

ಕ್ಯಾಥೋಡ್ ಕೆಪಾಸಿಟರ್ ಏಕೆ

ಇನ್ನೂ ಆ ಕೆಪಾಸಿಟರ್ ಹಾಕಿಲ್ಲ. ಹೀಗೇ ಗ್ರಿಡ್ಡಿಗೆ 100 ಮಿಲಿವೋಲ್ಟ್ ಏರಿಕೆ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ. ಹೊರಗಿನ 330 ಕಿಲೋಓಮ್ ಹೊರೆಯನ್ನು ಸದ್ಯಕ್ಕೆ ಲೆಕ್ಕಕ್ಕೆ ತೆಗೆದುಕೊಳ್ಳುವುದು ಬೇಡ. ಕರೆಂಟ್ ಹೆಚ್ಚುತ್ತದೆ, ಹೆಚ್ಚಿದ ಕರೆಂಟ್ 1.5 ಕಿಲೋಓಮ್‌ನಲ್ಲಿ ಹರಿದು ಕ್ಯಾಥೋಡನ್ನೂ ಸುಮಾರು 47 ಮಿಲಿವೋಲ್ಟ್ ಮೇಲಕ್ಕೆತ್ತುತ್ತದೆ. ವಾಲ್ವ್‌ಗೆ ಕಾಣುವುದು ವ್ಯತ್ಯಾಸ ಮಾತ್ರವಾದ್ದರಿಂದ 100ರಲ್ಲಿ ಅದಕ್ಕೆ ಸಿಕ್ಕಿದ್ದು 53. ಅರವತ್ತು ಪಟ್ಟು ಇರಬೇಕಾದ ವರ್ಧನೆ ಮೂವತ್ತೆರಡಕ್ಕೆ ಇಳಿಯುತ್ತದೆ. ಬಯಾಸನ್ನು ಸ್ಥಿರವಾಗಿಡುವ ಅದೇ ಗುಣ ಸಿಗ್ನಲನ್ನೂ ತಡೆಯುತ್ತಿದೆ.

ಕೆಪಾಸಿಟರ್ ಹಾಕಿದಾಗ ಸಿಗ್ನಲಿನ ವೇಗದ ಬದಲಾವಣೆಗಳು ಅದರ ಮೂಲಕ ಹಾದುಹೋಗಿ ಕ್ಯಾಥೋಡ್ ವೋಲ್ಟೇಜ್ ಅಲುಗದೆ ನಿಲ್ಲುತ್ತದೆ. ನಿಧಾನವಾದ ಬದಲಾವಣೆಗಳಿಗೆ ಮಾತ್ರ ರೆಸಿಸ್ಟರ್ ಮೊದಲಿನಂತೆ ಕೆಲಸ ಮಾಡುತ್ತದೆ. ಯಾವ ಕಂಪನಾಂಕದಿಂದ ಮೇಲೆ ಅದು ಪರಿಣಾಮಕಾರಿ ಎಂದು ಲೆಕ್ಕ ಹಾಕುವಾಗ 1.5 ಕಿಲೋಓಮ್ ಒಂದನ್ನೇ ತೆಗೆದುಕೊಳ್ಳಬಾರದು. ಕ್ಯಾಥೋಡ್ ಕಡೆಯಿಂದ ನೋಡಿದಾಗ ಕಾಣುವ ವಾಲ್ವ್‌ನ ಪ್ರತಿರೋಧವೂ ಅದಕ್ಕೆ ಸಮಾಂತರವಾಗಿದೆ. ವಾಲ್ವ್‌ನ ಒಳ ಪ್ರತಿರೋಧ ಈ ಬಿಂದುವಿನಲ್ಲಿ ಸುಮಾರು 65 ಕಿಲೋಓಮ್ ಎಂದು ತೆಗೆದುಕೊಂಡರೆ:

```
(65k + 100k) / (100 + 1) ≈ 1.63 kΩ
1.63k || 1.5k ≈ 0.78 kΩ
f = 1 / (2π × 780 × 22e-6) ≈ 9 Hz
```

ಕಿವಿಗೆ ಕೇಳಿಸುವ ಕೆಳಮಿತಿಗಿಂತ ಇದು ಕೆಳಗಿದೆ. ಉದ್ದೇಶಪೂರ್ವಕವಾಗಿ ಮಂದ್ರ ಸ್ವರಗಳನ್ನು ತಗ್ಗಿಸಬೇಕಾದರೆ 1 ಮೈಕ್ರೋಫ್ಯಾರಡ್ ಹಾಕಬಹುದು. ಆಗ ಏರಿಕೆ ಶುರುವಾಗುವುದು ನೂರು ಹರ್ಟ್ಸ್ ದಾಟಿದ ಮೇಲೆ. ಕೆಪಾಸಿಟರನ್ನು ಹಾಕದೇ ಬಿಡುವುದೂ ತಪ್ಪಲ್ಲ. ವರ್ಧನೆ ಸಾಕಷ್ಟಿದ್ದಲ್ಲಿ ವಿರೂಪ ಕಡಿಮೆಯಾಗುವುದರಿಂದ ನಾನು ಅದನ್ನು ಬಿಡುವುದೇ ಹೆಚ್ಚು.

ಸಿಗ್ನಲ್ ಕೊಟ್ಟಾಗ

ವಿದ್ಯುತ್ ಆರಿಸಿ ಕ್ಯಾಥೋಡ್ ಕೆಪಾಸಿಟರನ್ನು ಹಾಕಿದ ಮೇಲೆ, ಒಂದು ಕಿಲೋಹರ್ಟ್ಸ್‌ನ, ಶಿಖರ ಬೆಲೆ 0.1 ವೋಲ್ಟ್ ಇರುವ ಅಲೆಯನ್ನು ಗ್ರಿಡ್ಡಿಗೆ ಕೊಡಿ. ಸಿಗ್ನಲ್ ಮೂಲದಲ್ಲಿ ಡಿಸಿ ಇರುವ ಸಾಧ್ಯತೆ ಇದ್ದರೆ ನಡುವೆ 22 ನ್ಯಾನೋಫ್ಯಾರಡ್ ಇರಲಿ. ಹೊರಗೆ ಅರವತ್ತು ಪಟ್ಟು ಸಿಗುತ್ತದೆಂದು ನಿರೀಕ್ಷಿಸಿದವರಿಗೆ ಸುಮಾರು 5.4 ವೋಲ್ಟ್ ಮಾತ್ರ ಕಾಣುತ್ತದೆ. ತಪ್ಪೇನೂ ಆಗಿಲ್ಲ. ಸಿಗ್ನಲಿನ ಮಟ್ಟಿಗೆ 330 ಕಿಲೋಓಮ್ ಕೂಡ ಪ್ಲೇಟ್ ರೆಸಿಸ್ಟರ್‌ಗೆ ಸಮಾಂತರವಾಗಿ ಬಂದು ಹೊರೆಯನ್ನು 77 ಕಿಲೋಓಮ್‌ಗೆ ಇಳಿಸುತ್ತದೆ, ಅದರಿಂದ ವರ್ಧನೆ 54ಕ್ಕೆ ಬರುತ್ತದೆ.

ಸಿಗ್ನಲನ್ನು ನಿಧಾನವಾಗಿ ಹೆಚ್ಚಿಸುತ್ತಾ ಹೋದರೆ ಮೊದಲು ಅಲೆಯ ಒಂದು ಬದಿ ಇನ್ನೊಂದಕ್ಕಿಂತ ದುಂಡಗಾಗುತ್ತದೆ. ಆಗಲೇ ಹೇಳಿದ 31, 30, 28ರ ಅಸಮತೆ ಇದು. ಶಿಖರ 0.7 ಅಥವಾ 0.8 ವೋಲ್ಟ್ ದಾಟಿದಾಗ ಗ್ರಿಡ್ ತನ್ನ ಕರೆಂಟಿನ ವಲಯಕ್ಕೆ ಕಾಲಿಡುತ್ತದೆ. ಸಿಗ್ನಲ್ ಮೂಲದ ಒಳ ಪ್ರತಿರೋಧ ಹೆಚ್ಚಾಗಿದ್ದರೆ ಆ ಬದಿಯ ಶಿಖರ ಚಪ್ಪಟೆಯಾಗುವುದು ಆಸಿಲೋಸ್ಕೋಪ್‌ನಲ್ಲಿ ಸ್ಪಷ್ಟವಾಗಿ ಕಾಣಿಸುತ್ತದೆ.

ತಪ್ಪು ಎಲ್ಲಿದೆ ಎಂದು ಎರಡು ಅಳತೆಗಳಿಂದ ತಿಳಿಯುವುದು

ಪ್ಲೇಟ್ ಮತ್ತು ಕ್ಯಾಥೋಡ್ ವೋಲ್ಟೇಜ್‌ಗಳನ್ನು ಒಟ್ಟಿಗೆ ಓದಿದರೆ ಬಹಳಷ್ಟು ದೋಷಗಳು ಅಲ್ಲೇ ಬಯಲಾಗುತ್ತವೆ. ಪ್ಲೇಟ್ 250, ಕ್ಯಾಥೋಡ್ ಸೊನ್ನೆ ಎಂದಾದರೆ ಕರೆಂಟೇ ಇಲ್ಲ; ಹೀಟರ್ ಉರಿಯುತ್ತಿದೆಯೇ ಎಂದು ನೋಡಿ. ಪ್ಲೇಟ್ 250ರ ಹತ್ತಿರವಿದ್ದು ಕ್ಯಾಥೋಡ್ ಕೆಲವು ವೋಲ್ಟ್‌ಗೂ ಮೇಲೇರಿದ್ದರೆ ಕ್ಯಾಥೋಡ್ ರೆಸಿಸ್ಟರ್ ಕಡಿದಿದೆ ಅಥವಾ ಬೆಸುಗೆ ಸಡಿಲವಾಗಿದೆ. ಪ್ಲೇಟ್ 80ರ ಸುಮಾರಿಗೆ ಇಳಿದು ಕ್ಯಾಥೋಡ್ ಸೊನ್ನೆಯಲ್ಲಿದ್ದರೆ, ಪ್ರಯೋಗದಲ್ಲಿ ನಾವೇ ತಂತಿ ಹಾಕಿ ಮಾಡಿದ್ದನ್ನು ಈಗ ಕೆಟ್ಟ ಕ್ಯಾಥೋಡ್ ಕೆಪಾಸಿಟರ್ ಮಾಡುತ್ತಿದೆ: ಅದು ಶಾರ್ಟ್ ಆಗಿದೆ.

ಪ್ಲೇಟ್ ಕಡಿಮೆ, ಕ್ಯಾಥೋಡ್ ಹೆಚ್ಚು, ಎರಡೂ ಒಟ್ಟಿಗೆ ಬಂದರೆ ವಾಲ್ವ್ ಹೆಚ್ಚು ಕರೆಂಟ್ ಎಳೆಯುತ್ತಿದೆ ಎಂದರ್ಥ. ಹಿಂದೆ ಇನ್ನೊಂದು ಹಂತವಿದ್ದರೆ ಅದರ ಕಪ್ಲಿಂಗ್ ಕೆಪಾಸಿಟರ್ ಸೋರುತ್ತಾ ಗ್ರಿಡ್ಡನ್ನು ಪಾಸಿಟಿವ್ ಕಡೆಗೆ ಎಳೆಯುತ್ತಿರುವ ಸಂಭವ ಹೆಚ್ಚು. ಗ್ರಿಡ್ ಪಿನ್‌ನಲ್ಲಿ ಪಾಸಿಟಿವ್ ವೋಲ್ಟೇಜ್ ಕಂಡರೆ ಆ ಕೆಪಾಸಿಟರ್‌ನ ಒಂದು ತುದಿ ಬಿಚ್ಚಿ ಮತ್ತೆ ಅಳೆಯಿರಿ. ವೋಲ್ಟೇಜ್ ಆಗಲೂ ಉಳಿದರೆ ದೋಷ ವಾಲ್ವ್‌ನೊಳಗೆ ಇದೆ.

ವೋಲ್ಟೇಜ್‌ಗಳೆಲ್ಲಾ ಸರಿಯಿದ್ದೂ ಧ್ವನಿ ಅರ್ಧಕ್ಕೆ ಇಳಿದಿದ್ದರೆ ಕ್ಯಾಥೋಡ್ ಕೆಪಾಸಿಟರ್ ಒಣಗಿ ಧಾರಣೆ ಕಳೆದುಕೊಂಡಿರಬಹುದು. ಡಿಸಿ ಅಳತೆಗೆ ಈ ದೋಷ ಸಿಗುವುದಿಲ್ಲ. ಅದರ ಮೇಲೆ ಸರಿಯಾದ ಇನ್ನೊಂದು ಕೆಪಾಸಿಟರನ್ನು ಕ್ಲಿಪ್ ತಂತಿಗಳಿಂದ ಸಮಾಂತರವಾಗಿ ಜೋಡಿಸಿದಾಗ ಧ್ವನಿ ಏರಿದರೆ ಹಳೆಯದನ್ನು ಕಿತ್ತು ಹಾಕಬಹುದು. ಆ ತಂತಿಗಳನ್ನು ಕಚ್ಚಿಸುವಾಗಲೂ ವಿದ್ಯುತ್ ಆರಿಸಿಯೇ ಇರಬೇಕು, ಪಕ್ಕದ ಪಿನ್‌ನಲ್ಲಿರುವುದು ಪ್ಲೇಟ್ ವೋಲ್ಟೇಜನ್ನು ನಿಯಂತ್ರಿಸುವ ಗ್ರಿಡ್, ಅದರಾಚೆ ಪ್ಲೇಟ್.